ಸಿಪಿಯು ಗೆರೆ ಮೊದಲು ಏರಿತ್ತು, ಆದರೂ ಕಾರಣ ಅದಲ್ಲ

ಬಸ್ ಟಿಕೆಟ್ ಬುಕ್ಕಿಂಗ್ ಸರ್ವಿಸ್ ನೋಡಿಕೊಳ್ಳುವ ತಂಡದಲ್ಲಿ ನಾನಿದ್ದೇನೆ. ಒಂದು ಶುಕ್ರವಾರ ರಾತ್ರಿ 8:40ರ ಹೊತ್ತಿಗೆ ಬುಕ್ಕಿಂಗ್ ಹೆಚ್ಚುಕಡಿಮೆ ನಿಂತೇ ಹೋಯಿತು. ಊರಿಗೆ ಹೊರಟವರು ಸೀಟ್ ಆರಿಸಿಕೊಂಡು, ಟಿಕೆಟ್ ಕನ್ಫರ್ಮ್ ಆಗದೆ ಕಾಯುತ್ತಿದ್ದರು. 8:57ಕ್ಕೆ ನಾವು ಡೇಟಾಬೇಸನ್ನು ದೊಡ್ಡ ಮೆಷೀನ್‌ಗೆ ಬದಲಿಸಿದೆವು. 8:58ಕ್ಕೆ ಎಲ್ಲ ಸರಿಹೋಯಿತು.

ಸೋಮವಾರ ರಿವ್ಯೂಗೆ ಕೂತಾಗ ಪರದೆಯ ಮೇಲೆ ಎರಡು ಗೆರೆಗಳಿದ್ದವು. ಒಂದು ಡೇಟಾಬೇಸ್ ಸಿಪಿಯು: 30%ರಿಂದ 92%ಗೆ. ಇನ್ನೊಂದು ಬುಕ್ಕಿಂಗ್‌ನ ಪಿ99 ಲೇಟೆನ್ಸಿ, ಅಂದರೆ ನೂರರಲ್ಲಿ 99 ರಿಕ್ವೆಸ್ಟ್ ಎಷ್ಟು ಹೊತ್ತಿನೊಳಗೆ ಮುಗಿಯುತ್ತವೆ ಎಂಬ ಲೆಕ್ಕ: ಅರ್ಧ ಸೆಕೆಂಡಿನ ಒಳಗಿದ್ದದ್ದು 30 ಸೆಕೆಂಡಿಗೆ. ಎರಡೂ ಜೊತೆಯಾಗಿಯೇ ಎದ್ದು, ಜೊತೆಯಾಗಿಯೇ ಇಳಿದಿದ್ದವು. ಸಾಲದ್ದಕ್ಕೆ ಸಿಪಿಯು 8:41ಕ್ಕೆ ಏರಿತ್ತು, ಲೇಟೆನ್ಸಿ 8:42ಕ್ಕೆ.

"ಡಿಬಿ ಮೊದಲು ಏರಿದೆ, ಮೆಷೀನ್ ದೊಡ್ಡದು ಮಾಡಿದ ಮೇಲೆ ಇಳಿದಿದೆ. ಇನ್ನೇನು ನೋಡೋದಿದೆ ಸರ್?" ಎಂದರು ಡಿಬಿ ನೋಡಿಕೊಳ್ಳುವ ಸಹೋದ್ಯೋಗಿ. ದೊಡ್ಡ ಮೆಷೀನನ್ನೇ ಉಳಿಸಿಕೊಳ್ಳೋಣ ಎಂಬ ಮಾತಾಯಿತು. ಅದರ ಬಾಡಿಗೆ ಎರಡರಷ್ಟು.

ನನಗೆ ಒಂದು ವಿಷಯ ಒಪ್ಪಿಗೆಯಾಗಲಿಲ್ಲ. ಪ್ರತಿ ರಾತ್ರಿ 1 ಗಂಟೆಗೆ ರಿಪೋರ್ಟ್ ಜಾಬ್ ಓಡುವಾಗ ಇದೇ ಸಿಪಿಯು 85% ದಾಟುತ್ತದೆ. ಆ ಹೊತ್ತಿನಲ್ಲೂ ಕೆಲವರು ಟಿಕೆಟ್ ಮಾಡುತ್ತಿರುತ್ತಾರೆ. ಅವರಿಗೆ ಇಂಥ ತೊಂದರೆ ಒಮ್ಮೆಯೂ ಆಗಿರಲಿಲ್ಲ. ಸಿಪಿಯು ಏರಿದ್ದೇ ಕಾರಣವಾದರೆ, ಆಗಲೂ ಸ್ವಲ್ಪವಾದರೂ ನಿಧಾನ ಕಾಣಬೇಕಲ್ವಾ? ಮಧ್ಯರಾತ್ರಿ ಜನ ಕಡಿಮೆ, ಹಾಗಾಗಿ ಇದೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಆದರೆ ಕೆದಕಿ ನೋಡಲು ಇಷ್ಟು ಸಾಕಾಯಿತು.

ಮೊದಲು ಆ ಒಂದು ನಿಮಿಷದ ವ್ಯತ್ಯಾಸವನ್ನೇ ಹಿಡಿದೆ. ಎರಡು ಗೆರೆಗಳು ಬೇರೆ ಬೇರೆ ಜಾಗದಿಂದ ಬರುತ್ತವೆ. ಸಿಪಿಯು ಅಂಕಿ ಕ್ಲೌಡ್ ಮಾನಿಟರಿಂಗ್‌ನದು, ಒಂದು ನಿಮಿಷದ ಸರಾಸರಿ. ಅದಕ್ಕೆ ಬೀಳುವ ಸಮಯದ ಗುರುತು ಆ ನಿಮಿಷದ ಶುರುವಿನದು. ಅಂದರೆ 8:41 ಎಂದು ಕಾಣುವ ಚುಕ್ಕಿ 8:41ರಿಂದ 8:42ರವರೆಗಿನ ಕಥೆ ಹೇಳುತ್ತದೆ. ಲೇಟೆನ್ಸಿ ಬರುವುದು ಪ್ರೊಮಿಥಿಯಸ್‌ನಿಂದ. ಅಲ್ಲಿನ `rate(...[5m])` ಹಿಂದಕ್ಕೆ ನೋಡುತ್ತದೆ. 8:42ರ ಚುಕ್ಕಿಯಲ್ಲಿರುವುದು ಅದಕ್ಕೂ ಹಿಂದಿನ ಐದು ನಿಮಿಷ. ಒಂದು ಮುಂದೆ ನೋಡುತ್ತದೆ, ಇನ್ನೊಂದು ಹಿಂದೆ ನೋಡುತ್ತದೆ. ಇವೆರಡನ್ನು ಒಂದೇ ಗ್ರಾಫ್‌ನಲ್ಲಿ ಇಟ್ಟು ಯಾವುದು ಮೊದಲು ಎಂದು ಹೇಳಲು ಆಗುವುದೇ ಇಲ್ಲ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಲೇಟೆನ್ಸಿ ಲೆಕ್ಕಕ್ಕೆ ಸೇರುವುದು ರಿಕ್ವೆಸ್ಟ್ ಮುಗಿದ ಮೇಲೆ. 30 ಸೆಕೆಂಡು ಕಾದ ರಿಕ್ವೆಸ್ಟ್, ತೊಂದರೆ ಶುರುವಾದ 30 ಸೆಕೆಂಡಿನ ನಂತರವೇ ಗ್ರಾಫ್‌ಗೆ ಬರುತ್ತದೆ. ಕಾಯುತ್ತಾ ನಿಂತವರು ಅಲ್ಲಿ ಕಾಣುವುದಿಲ್ಲ.

ಆದ್ದರಿಂದ ಗ್ರಾಫ್ ಬಿಟ್ಟು ಲಾಗ್‌ಗೆ ಹೋದೆ. ಪ್ರತಿ ಸಾಲಿನಲ್ಲಿ ಮುಗಿದ ಸಮಯವೂ ತೆಗೆದುಕೊಂಡ ಅವಧಿಯೂ ಇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದು, ಶುರುವಾದ ಸಮಯಕ್ಕೆ ತಕ್ಕಂತೆ ಸಾಲುಗಳನ್ನು ಜೋಡಿಸಿದೆ. ಮೊದಲು ನಿಧಾನವಾದದ್ದು 8:40:52ಕ್ಕೆ ಶುರುವಾದ ಒಂದು ಬುಕ್ಕಿಂಗ್. ಅದು 10 ಸೆಕೆಂಡು ಕಳೆದದ್ದು ಡೇಟಾಬೇಸ್‌ನಲ್ಲಿ ಅಲ್ಲ, ಎಸ್‌ಎಂಎಸ್ ಗೇಟ್‌ವೇಗೆ ಮಾಡಿದ ಕರೆಯಲ್ಲಿ.

ಆ ರಾತ್ರಿ ಆನ್‌ಕಾಲ್‌ನಲ್ಲಿದ್ದ ಹುಡುಗಿ ಒಂದು ಒಳ್ಳೆಯ ಕೆಲಸ ಮಾಡಿದ್ದರು. 8:45ಕ್ಕೆ ಈ ಕ್ವೆರಿ ಓಡಿಸಿ, ಬಂದದ್ದನ್ನು ಚಾಟ್‌ನಲ್ಲಿ ಹಾಕಿಟ್ಟಿದ್ದರು:

```sql
SELECT state, count(*),
       max(now() - xact_start)
FROM pg_stat_activity
WHERE usename = 'booking'
GROUP BY state;
```

ಬುಕ್ಕಿಂಗ್ ಸರ್ವಿಸ್‌ನ 40 ಕನೆಕ್ಷನ್‌ಗಳಲ್ಲಿ 38 `idle in transaction` ಸ್ಥಿತಿಯಲ್ಲಿದ್ದವು. ಅಂದರೆ ಟ್ರಾನ್ಸಾಕ್ಷನ್ ತೆರೆದಿದೆ, ಆದರೆ ಡೇಟಾಬೇಸ್‌ಗೆ ಏನೂ ಕೆಲಸ ಕೊಟ್ಟಿಲ್ಲ. ಸಿಪಿಯು ಸಾಲದೆ ನಿಧಾನವಾಗಿದ್ದರೆ ಇವೆಲ್ಲ `active` ಎಂದು ಕಾಣಬೇಕಿತ್ತು.

ಕೋಡ್ ತೆರೆದಾಗ ಗೊತ್ತಾಯಿತು. ಟ್ರಾನ್ಸಾಕ್ಷನ್ ತೆರೆದು, ಸೀಟ್ ಅಪ್‌ಡೇಟ್ ಮಾಡಿ, ಎಸ್‌ಎಂಎಸ್ ಕಳಿಸಿ, ಆಮೇಲೆ ಕಮಿಟ್ ಮಾಡುತ್ತಿದ್ದೆವು. ಎಸ್‌ಎಂಎಸ್ ಕರೆ ಮುಗಿಯುವವರೆಗೆ ಕನೆಕ್ಷನ್ ಹಿಡಿದೇ ಇರುತ್ತದೆ. ಲೆಕ್ಕ ಸುಲಭ. ಆ ಹೊತ್ತಿಗೆ ಸೆಕೆಂಡಿಗೆ 30 ಬುಕ್ಕಿಂಗ್ ಬರುತ್ತಿದ್ದವು. ಕರೆ 0.2 ಸೆಕೆಂಡಿನದಾದರೆ ಒಂದು ಹೊತ್ತಿಗೆ ಸುಮಾರು 6 ಕನೆಕ್ಷನ್ ಸಾಕು. 10 ಸೆಕೆಂಡಾದರೆ 300 ಬೇಕು. ನಮ್ಮಲ್ಲಿದ್ದದ್ದು 40. ಎರಡು ಸೆಕೆಂಡು ಕಳೆಯುವುದರೊಳಗೆ ಈ 40 ಕನೆಕ್ಷನ್ ಪೂಲ್ ತುಂಬಿರುತ್ತದೆ, ಆಮೇಲೆ ಬಂದವರು ಕನೆಕ್ಷನ್ ಸಿಗದೆ ಕಾಯುತ್ತಾ ನಿಲ್ಲುತ್ತಾರೆ.

ಹಾಗಾದರೆ ಸಿಪಿಯು ಏಕೆ ಏರಿತು? ಇದಕ್ಕೆ ಉತ್ತರ ಸಿಗದೆ ರಿವ್ಯೂ ಮುಗಿಸಲು ನಾನು ಒಪ್ಪಲಿಲ್ಲ. ಒಂದು ಗೆರೆಗೆ ಕಾರಣ ಸಿಕ್ಕಿ ಇನ್ನೊಂದು ಹಾಗೇ ಉಳಿದರೆ ಹಳೆಯ ಕಥೆಯೂ ಜೀವಂತ ಇರುತ್ತದೆ. ಯಾವ ಕ್ವೆರಿ ಎಷ್ಟು ಸಲ, ಎಷ್ಟು ಹೊತ್ತು ಓಡಿತು ಎಂದು ಹೇಳುವ `pg_stat_statements` ಅಂಕಿಗಳನ್ನು ನಾವು ಐದು ನಿಮಿಷಕ್ಕೊಮ್ಮೆ ತೆಗೆದಿಡುತ್ತೇವೆ. ಅವು ಕೂಡುತ್ತಲೇ ಹೋಗುವ ಅಂಕಿಗಳು, ಹಾಗಾಗಿ ಎರಡು ಹೊತ್ತಿನವನ್ನು ಕಳೆದು ನೋಡಬೇಕು. ಸೀಟ್ ಮ್ಯಾಪ್ ಕ್ವೆರಿ ನಾಲ್ಕು ಪಟ್ಟು ಜಾಸ್ತಿ ಸಲ ಓಡಿತ್ತು. ಒಂದೊಂದು ಸಲಕ್ಕೆ ಹಿಡಿದ ಸಮಯ ಮಾತ್ರ ಹೆಚ್ಚೇನೂ ಬದಲಾಗಿರಲಿಲ್ಲ. ಡೇಟಾಬೇಸ್ ಸುಸ್ತಾಗಿರಲಿಲ್ಲ, ಅದಕ್ಕೆ ಕೆಲಸ ಜಾಸ್ತಿ ಬರುತ್ತಿತ್ತು.

ಶುಕ್ರವಾರವಲ್ವಾ, ಜನ ಜಾಸ್ತಿ ಬಂದರೆ ಎರಡೂ ಗೆರೆ ಏರಬಹುದು. ಅದನ್ನೂ ನೋಡಿದೆ. ಬೇರೆ ಬೇರೆ ಬಳಕೆದಾರರ ಸಂಖ್ಯೆ ಹಿಂದಿನ ಶುಕ್ರವಾರದಷ್ಟೇ ಇತ್ತು. ಒಬ್ಬೊಬ್ಬರಿಂದ ಬರುವ ರಿಕ್ವೆಸ್ಟ್ ಮಾತ್ರ ಹೆಚ್ಚಾಗಿತ್ತು. ನಮ್ಮ ಆ್ಯಪ್ 15 ಸೆಕೆಂಡು ಕಾದು ಉತ್ತರ ಬರದಿದ್ದರೆ ತಾನೇ ಮತ್ತೆ ಸೀಟ್ ಮ್ಯಾಪ್ ತರಿಸಿಕೊಳ್ಳುತ್ತದೆ. ಸೀಟ್ ಮ್ಯಾಪ್ ಸರ್ವಿಸ್‌ಗೆ ಬೇರೆಯೇ ಪೂಲ್ ಇದೆ. ಬುಕ್ಕಿಂಗ್ ನಿಂತರೂ ಆ ಕ್ವೆರಿಗಳು ಸಲೀಸಾಗಿ ಡೇಟಾಬೇಸ್ ತಲುಪುತ್ತಿದ್ದವು. ಬುಕ್ಕಿಂಗ್ ತಡವಾದದ್ದರಿಂದ ಸಿಪಿಯು ಏರಿತ್ತು.

ದೊಡ್ಡ ಮೆಷೀನ್ ಹಾಕಿದ ಮೇಲೆ ಸರಿಯಾಯಿತಲ್ಲ ಎಂಬ ಪ್ರಶ್ನೆ ಉಳಿದಿತ್ತು. ಲಾಗ್ ಪ್ರಕಾರ ಎಸ್‌ಎಂಎಸ್ ಕರೆಗಳು 8:56:20ಕ್ಕೇ ಮೊದಲಿನ ವೇಗಕ್ಕೆ ಮರಳಿದ್ದವು. ಮೆಷೀನ್ ಬದಲಾಗುವ ಮೊದಲೇ ಕೆಲವು ಟಿಕೆಟ್ ಕನ್ಫರ್ಮ್ ಆಗಿದ್ದವು.

ಲಾಗ್‌ನಿಂದ ಕಟ್ಟಿದ ಕಥೆಯನ್ನು ಪರೀಕ್ಷೆ ಮಾಡದೆ ಬಿಡಬಾರದು ಎಂದು ಸ್ಟೇಜಿಂಗ್‌ನಲ್ಲಿ ಎರಡು ಕಡೆಯಿಂದಲೂ ನೋಡಿದೆವು. ಸುಳ್ಳು ಎಸ್‌ಎಂಎಸ್ ಸರ್ವರ್ ಇಟ್ಟು 10 ಸೆಕೆಂಡು ತಡ ಮಾಡಿಸಿದಾಗ ಬುಕ್ಕಿಂಗ್ ನಿಂತಿತು, ಸಿಪಿಯು ಅಲುಗಲಿಲ್ಲ. ಆ್ಯಪ್‌ನಂತೆ ಸೀಟ್ ಮ್ಯಾಪ್ ಮತ್ತೆ ಕೇಳುವ ಲೋಡ್ ಸೇರಿಸಿದ ಮೇಲೆ ಸಿಪಿಯು ಏರಿತು. ಆಮೇಲೆ ಎಸ್‌ಎಂಎಸ್ ಸರಿಯಿಟ್ಟು, ರಿಪೋರ್ಟ್ ಕ್ವೆರಿಗಳಿಂದ ಸಿಪಿಯುವನ್ನು 90%ಗೆ ಏರಿಸಿದೆವು. ಪಿ99 0.4 ಸೆಕೆಂಡಿನಿಂದ 0.7ಕ್ಕೆ ಹೋಯಿತು, 30ರ ಹತ್ತಿರವೂ ಬರಲಿಲ್ಲ. ಸ್ಟೇಜಿಂಗ್‌ನಲ್ಲಿ ಡೇಟಾ ಕಡಿಮೆ, ಈ 0.7 ಪ್ರೊಡಕ್ಷನ್‌ನಲ್ಲೂ ಅಷ್ಟೇ ಇರುತ್ತದೆ ಎಂದು ಹೇಳಲಾರೆ. ಸಿಪಿಯು ಏರಿಕೆ ಒಂದಿಷ್ಟು ತಡ ಸೇರಿಸುತ್ತದೆ ಎಂಬುದಂತೂ ನಿಜ, ರಿವ್ಯೂನಲ್ಲಿ ಅದನ್ನೂ ಬರೆದೆವು.

ಈಗ ಎಸ್‌ಎಂಎಸ್ ಟ್ರಾನ್ಸಾಕ್ಷನ್‌ನ ಹೊರಗಿದೆ. ಕಳಿಸಬೇಕಾದದ್ದನ್ನು ಅದೇ ಟ್ರಾನ್ಸಾಕ್ಷನ್‌ನಲ್ಲಿ ಒಂದು ಟೇಬಲ್‌ಗೆ ಬರೆದು ಕಮಿಟ್ ಮಾಡುತ್ತೇವೆ, ಬೇರೆ ವರ್ಕರ್ ಅದನ್ನು ಕಳಿಸುತ್ತದೆ. ದೊಡ್ಡ ಮೆಷೀನ್ ವಾಪಸ್ ಕೊಟ್ಟೆವು. ಕೆಲವು ವಾರಗಳ ನಂತರ, ಅದೂ ಶುಕ್ರವಾರವೇ, ಗೇಟ್‌ವೇ ಮತ್ತೆ ನಿಧಾನವಾಯಿತು. ಕಳಿಸದೆ ಉಳಿದ ಎಸ್‌ಎಂಎಸ್‌ಗಳ ಗೆರೆ ಕಡಿದಾಗಿ ಏರಿತು. ಬುಕ್ಕಿಂಗ್ ಗೆರೆಯೂ ಸಿಪಿಯು ಗೆರೆಯೂ ಇದ್ದಲ್ಲೇ ಇದ್ದವು.