ಸ್ಟ್ಯಾಟಿನ್ ನುಂಗುವವರಿಗೆ ಸಿಕೆ ಪರೀಕ್ಷೆ: ಯಾವಾಗ ಬೇಕು, ಯಾವಾಗ ನೇರ ಆಸ್ಪತ್ರೆಗೇ ಹೋಗಬೇಕು

ಕೊಲೆಸ್ಟ್ರಾಲ್ ಇಳಿಸಲು ಅಟೊರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್‌ನಂಥ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮೈಕೈ ನೋವು ಅನ್ನುವವರು ತುಂಬಾ ಜನ. ಆದರೆ ದೊಡ್ಡ ಅಧ್ಯಯನಗಳಲ್ಲಿ ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದವರೂ ಹೆಚ್ಚುಕಡಿಮೆ ಅಷ್ಟೇ ನೋವು ಹೇಳಿದ್ದಾರೆ. ಅಂದರೆ ಈ ನೋವಿನಲ್ಲಿ ಬಹುಪಾಲು ಮಾತ್ರೆಯದ್ದಲ್ಲ. ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಮಂಡಿ ನೋವಿಗೆ ಹೆದರಿ ತಾವಾಗಿಯೇ ಮಾತ್ರೆ ಬಿಟ್ಟರೆ ಅಪಾಯ ಜಾಸ್ತಿ.

ಆದರೂ ಒಂದು ನಿಜವಾದ ತೊಂದರೆ ಇದೆ. ಅದರ ಹೆಸರು ರ‍್ಯಾಬ್ಡೊಮಯೊಲಿಸಿಸ್. ಸ್ನಾಯುವಿನ ಕೋಶಗಳು ಒಡೆದು, ಒಳಗಿದ್ದದ್ದೆಲ್ಲ ರಕ್ತಕ್ಕೆ ಸುರಿಯುತ್ತದೆ. ಅದರಲ್ಲಿರುವ ಮಯೊಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಪಿಂಡವನ್ನು ಕೆಡಿಸುತ್ತದೆ, ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪುತ್ತದೆ. ಸ್ಟ್ಯಾಟಿನ್‌ನಿಂದ ಇದು ಬರುವುದು ತೀರಾ ಅಪರೂಪ, ವರ್ಷಕ್ಕೆ ಹತ್ತು ಸಾವಿರ ಮಂದಿಯಲ್ಲಿ ಒಬ್ಬರಿಗೆ ಬಂದರೆ ಹೆಚ್ಚು. ಬಂದಾಗ ಮಾತ್ರ ದಿನಗಟ್ಟಲೆ ಕಾಯುವಂತಿಲ್ಲ. ಇದನ್ನು ಹಿಡಿಯಲು ಮಾಡಿಸುವ ರಕ್ತಪರೀಕ್ಷೆಯೇ ಸಿಕೆ.

ಮೊದಲು ನೋವನ್ನು ಗಮನಿಸಿ

ಸ್ಟ್ಯಾಟಿನ್‌ನಿಂದ ಬರುವ ನೋವು ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. ಎರಡೂ ತೊಡೆ, ಸೊಂಟದ ಸುತ್ತ, ಎರಡೂ ಭುಜ. ಒಂದೇ ಮಂಡಿ, ಒಂದೇ ಹೆಬ್ಬೆರಳು ನೋಯುತ್ತಿದ್ದರೆ ಕಾರಣ ಬಹುತೇಕ ಬೇರೆ. ಮಾತ್ರೆ ಶುರುವಾದ ಮೊದಲ ಕೆಲವು ವಾರ ಅಥವಾ ತಿಂಗಳಲ್ಲಿ, ಡೋಸ್ ಏರಿಸಿದ ಮೇಲೆ, ಇಲ್ಲವೇ ಇನ್ನೊಂದು ಔಷಧಿ ಸೇರಿದ ಮೇಲೆ ಶುರುವಾದ ನೋವಾದರೆ ಅನುಮಾನಕ್ಕೆ ಜಾಗ ಇದೆ.

ನೋವಿಗಿಂತಲೂ ಶಕ್ತಿ ಕುಂದುವುದು ದೊಡ್ಡ ಸುಳಿವು. ನೆಲದಿಂದ ಕೈಯೂರದೆ ಏಳಲು ಆಗುತ್ತಾ? ಬಸ್ಸಿನ ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತಾ? ತಲೆ ಬಾಚಲು ಕೈ ಎತ್ತಿದರೆ ಜಾರುತ್ತಾ? ಹೋದ ವಾರ ಸಲೀಸಾಗಿ ಆಗುತ್ತಿದ್ದದ್ದು ಈ ವಾರ ಆಗದಿದ್ದರೆ ಅದನ್ನು ‘ವಯಸ್ಸಾಯ್ತು’ ಅಂತ ತಳ್ಳಿಹಾಕಬೇಡಿ.

ಪರೀಕ್ಷೆ ಮಾಡಿಸುವ ರೀತಿ

ಸ್ನಾಯು ಒಡೆದಾಗ ರಕ್ತದಲ್ಲಿ ಏರುವ ಕಿಣ್ವ ಕ್ರಿಯಾಟಿನ್ ಕೈನೇಸ್. ಲ್ಯಾಬಿನವರು ಸಿಕೆ ಅಥವಾ ಸಿಪಿಕೆ ಅನ್ನುತ್ತಾರೆ. ಚೀಟಿಯಲ್ಲಿ ‘ಟೋಟಲ್ ಸಿಪಿಕೆ’ ಅಂತಲೇ ಇರಲಿ. ಸಿಕೆ-ಎಂಬಿ ಹೃದಯದ ಸ್ನಾಯುವಿಗೆ ಸಂಬಂಧಿಸಿದ್ದು, ಇಲ್ಲಿ ಅದು ಸಾಲದು. ಸೀರಮ್ ಕ್ರಿಯಾಟಿನಿನ್ ಮೂತ್ರಪಿಂಡದ ಪರೀಕ್ಷೆ. ಹೆಸರು ಒಂದೇ ಥರ ಕೇಳುವುದರಿಂದ ಒಂದರ ಬದಲು ಇನ್ನೊಂದು ಆಗಿಬಿಡಬಹುದು. ಹಾಗಾಗಿ ಕೌಂಟರಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ.

ತೊಂದರೆಯೇ ಇಲ್ಲದವರು ಆರು ತಿಂಗಳಿಗೊಮ್ಮೆ ಸುಮ್ನೆ ಸಿಕೆ ಮಾಡಿಸಬೇಕಿಲ್ಲ. ಅದು ಬೇರೆ ಕಾರಣಕ್ಕೂ ಏರುತ್ತದೆ. ಜಿಮ್‌ನಲ್ಲಿ ಭಾರ ಎತ್ತಿದರೆ, ಬೆಟ್ಟ ಹತ್ತಿದರೆ, ಗದ್ದೆಯಲ್ಲಿ ಇಡೀ ದಿನ ಗುದ್ದಲಿ ಹಿಡಿದರೆ, ಸೊಂಟಕ್ಕೆ ಇಂಜೆಕ್ಷನ್ ತೆಗೆದುಕೊಂಡರೆ, ಹಲವು ದಿನ ಮೇಲೇ ಇರಬಹುದು. ನೋವು ಸಾಧಾರಣವಾಗಿದ್ದು ವೈದ್ಯರು ಪರೀಕ್ಷೆ ಬರೆದಿದ್ದರೆ ಎರಡು ಮೂರು ದಿನ ಭಾರದ ಕೆಲಸ ಬಿಟ್ಟು ರಕ್ತ ಕೊಡಿ. ಜೊತೆಗೆ ಟಿಎಸ್‌ಎಚ್ ಕೂಡ ಮಾಡಿಸುವುದು ಒಳ್ಳೆಯದು. ಥೈರಾಯ್ಡ್ ಕಡಿಮೆಯಾದರೆ ಕೊಲೆಸ್ಟ್ರಾಲ್ ಏರುತ್ತದೆ, ಸಿಕೆಯೂ ಏರುತ್ತದೆ. ಮೂಲ ಹಿಡಿಯದೆ ಸ್ಟ್ಯಾಟಿನ್ ಡೋಸ್ ಏರಿಸಿದರೆ ಸ್ನಾಯುವಿಗೆ ಎರಡು ಕಡೆಯಿಂದ ಪೆಟ್ಟು.

ವರದಿ ಓದುವಾಗ ಅದೇ ಲ್ಯಾಬಿನ ಗರಿಷ್ಠ ಮಿತಿಗೆ ಹೋಲಿಸಿ. ಮಿತಿ 200 ಅಂದುಕೊಳ್ಳಿ. 500, 600 ಬಂದು ಶಕ್ತಿ ಸರಿಯಾಗಿದ್ದರೆ ಗಾಬರಿ ಬೇಡ, ವೈದ್ಯರು ಒಂದು ವಾರ ಬಿಟ್ಟು ಮತ್ತೆ ನೋಡಬಹುದು. ಮಿತಿಯ ಹತ್ತು ಪಟ್ಟು, ಅಂದರೆ 2,000 ದಾಟಿ ನೋವೋ ನಿಶ್ಶಕ್ತಿಯೋ ಇದ್ದರೆ ಸ್ಟ್ಯಾಟಿನ್ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು.

ಹೊಸ ಔಷಧಿ ಸೇರಿದಾಗ

ನನಗೆ ಹೆಚ್ಚು ಆತಂಕ ತರುವುದು ಇದೇ. ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಅರವತ್ತೈದರ ಹಿರಿಯರೊಬ್ಬರು ಸ್ಟೆಂಟ್ ಆದ ಮೇಲೆ ಮೂರು ವರ್ಷದಿಂದ ಅಟೊರ್ವಾಸ್ಟ್ಯಾಟಿನ್ 40 ಮಿಲಿಗ್ರಾಂ ನುಂಗುತ್ತಿದ್ದಾರೆ, ಏನೂ ತೊಂದರೆ ಇಲ್ಲ. ಮಳೆಗಾಲದಲ್ಲಿ ತೊಡೆಸಂದಿಗೆ ಹುಳುಕಡ್ಡಿ ಬಂತು. ಮೆಡಿಕಲ್ ಶಾಪಿನಲ್ಲಿ ಕೇಳಿ ಇಟ್ರಕೊನಜೋಲ್ ಕ್ಯಾಪ್ಸೂಲ್ ತಂದರು. ಹೃದಯದ ಮಾತ್ರೆ ವಿಷಯ ಅಲ್ಲಿ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಅಟೊರ್ವಾಸ್ಟ್ಯಾಟಿನ್ ಕರಗುವುದು ಯಕೃತ್ತು ಮತ್ತು ಕರುಳಿನ ಒಂದು ಕಿಣ್ವದಿಂದ. ಇಟ್ರಕೊನಜೋಲ್ ಅದೇ ಕಿಣ್ವವನ್ನು ಕಟ್ಟಿಹಾಕುತ್ತದೆ. ನುಂಗಿದ್ದು ಅದೇ 40 ಆದರೂ ರಕ್ತದಲ್ಲಿ ಔಷಧಿ ಸುಮಾರು ಮೂರು ಪಟ್ಟು ಏರಬಹುದು. ಕೆಮ್ಮು, ಕಫಕ್ಕೆ ಕೊಡುವ ಕ್ಲಾರಿಥ್ರೊಮೈಸಿನ್ ಕೂಡ ಹೀಗೆಯೇ. ಸಿಮ್ವಾಸ್ಟ್ಯಾಟಿನ್ ಜೊತೆಗಂತೂ ಇವೆರಡೂ ಸಲ್ಲವು.

ಎರಡನೇ ವಾರ ತೊಡೆ ನೋವು ಶುರುವಾಯಿತು. ನಾಲ್ಕು ದಿನದಲ್ಲಿ ಶೌಚಾಲಯದಲ್ಲಿ ಕೂತವರಿಗೆ ಏಳಲು ಗೋಡೆ ಬೇಕಾಯಿತು. ಮರುದಿನ ಬೆಳಿಗ್ಗೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. “ನೀರು ಸರಿಯಾಗಿ ಕುಡೀಲಿಲ್ಲ, ಅದಕ್ಕೇ” ಅಂದರು. ಮಗಳು ಒಪ್ಪಲಿಲ್ಲ. “ಅಪ್ಪಾ, ಮಾತ್ರೆ ಡಬ್ಬಿ ಎಲ್ಲಾ ತಗೊಳ್ಳಿ, ಹೋಗೋಣ” ಅಂದಳು.

ಆಸ್ಪತ್ರೆಯಲ್ಲಿ ಸಿಕೆ 18,400. ಮೂರು ತಿಂಗಳ ಹಿಂದೆ 0.9 ಇದ್ದ ಕ್ರಿಯಾಟಿನಿನ್ ಈಗ 1.9. ಮೂತ್ರದ ಪಟ್ಟಿ ಪರೀಕ್ಷೆಯಲ್ಲಿ ರಕ್ತ ಇದೆ ಅಂತ ಬಂತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಂಪು ರಕ್ತಕಣಗಳೇ ಇಲ್ಲ. ಪಟ್ಟಿಗೆ ಮಯೊಗ್ಲೋಬಿನ್ನೂ ರಕ್ತದ ಹಾಗೇ ಕಾಣುತ್ತದೆ, ಆದ್ದರಿಂದ ಈ ಎರಡು ಫಲಿತಾಂಶ ಒಟ್ಟಿಗೆ ಬಂದರೆ ವೈದ್ಯರಿಗೆ ದಾರಿ ಸಿಗುತ್ತದೆ. ಲಿವರ್ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ ಕಿಣ್ವವೂ ಏರಿತ್ತು. ಅದು ಸ್ನಾಯುವಿನಲ್ಲೂ ಇರುವುದರಿಂದ ಲಿವರ್ ಕೆಟ್ಟಿದೆ ಅಂತ ತಿಳಿಯಬೇಕಿಲ್ಲ.

ಎರಡೂ ಔಷಧಿ ನಿಲ್ಲಿಸಿ ಸಲೈನ್ ಹಚ್ಚಿದರು, ಪೊಟ್ಯಾಸಿಯಂ ಮತ್ತು ಇಸಿಜಿ ನೋಡಿದರು, ಗಂಟೆ ಗಂಟೆಗೂ ಮೂತ್ರ ಅಳೆದರು. ಇಳಿಯಲು ಶುರುವಾದ ಮೇಲೆ ಸಿಕೆ ಸುಮಾರು ಒಂದೂವರೆ ದಿನಕ್ಕೆ ಅರ್ಧವಾಗುತ್ತದೆ. ಹಾಗೆ ಇಳಿಯದಿದ್ದರೆ ಸ್ನಾಯು ಇನ್ನೂ ಒಡೆಯುತ್ತಿದೆ ಎಂದೇ ಅರ್ಥ.

ಇವಿದ್ದರೆ ಲ್ಯಾಬ್ ವರದಿಗೆ ಕಾಯಬೇಡಿ

ಮೂತ್ರ ಡಿಕಾಕ್ಷನ್ ಅಥವಾ ಕೋಲಾ ಬಣ್ಣಕ್ಕೆ ತಿರುಗಿದರೆ, ಮೂತ್ರ ತೀರಾ ಕಡಿಮೆಯಾದರೆ, ಕೂತಲ್ಲಿಂದ ಏಳಲಾಗದಷ್ಟು ನಿಶ್ಶಕ್ತಿ ಬಂದರೆ, ಸ್ನಾಯು ನೋವಿನ ಜೊತೆ ಜ್ವರ, ವಾಂತಿ, ಗೊಂದಲ, ಎದೆಬಡಿತದ ಏರುಪೇರು ಇದ್ದರೆ ತುರ್ತು ವಿಭಾಗಕ್ಕೇ ಹೋಗಿ. ಆವತ್ತಿನ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳಬೇಡಿ. ಮೂತ್ರದ ಬಣ್ಣ ಬದಲಾಗದೆಯೂ ಈ ಕಾಯಿಲೆ ಇರಬಹುದು, ಹಾಗಾಗಿ ನಿಶ್ಶಕ್ತಿ ಒಂದೇ ಇದ್ದರೂ ಸಾಕು. ನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೆನ್ ನುಂಗಿ ಹೊರಡಬೇಡಿ, ಅವು ಬಳಲಿದ ಮೂತ್ರಪಿಂಡಕ್ಕೆ ಇನ್ನಷ್ಟು ಪೆಟ್ಟು ಕೊಡುತ್ತವೆ. ಎಲ್ಲ ಮಾತ್ರೆಗಳ ಸ್ಟ್ರಿಪ್ ಒಯ್ಯಿರಿ, ಬರೀ ಹೆಸರು ಹೇಳಿದರೆ ತಪ್ಪಬಹುದು.

ಗುಣವಾದ ಮೇಲೆ

ಸಿಕೆ ಮಾಮೂಲಿಗೆ ಬಂದು ಶಕ್ತಿ ಮರಳುವವರೆಗೆ ಸ್ಟ್ಯಾಟಿನ್ ಮತ್ತೆ ಶುರು ಮಾಡುವುದಿಲ್ಲ. ಇಟ್ರಕೊನಜೋಲ್ ನಿಲ್ಲಿಸಿದ ಮೇಲೂ ಒಂದೆರಡು ವಾರ ಮೈಯಲ್ಲಿ ಉಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ತಗೋಬೇಕು. ಆಮೇಲೆ ಬೇರೆ ಸ್ಟ್ಯಾಟಿನ್ ಕಡಿಮೆ ಡೋಸಿನಲ್ಲೋ, ಎಜೆಟಿಮೈಬ್‌ನಂಥ ಇನ್ನೊಂದು ಔಷಧಿಯೋ ಎಂಬುದನ್ನು ಹೃದಯದ ವೈದ್ಯರು ತೀರ್ಮಾನಿಸುತ್ತಾರೆ. ಮಾತ್ರೆ ಬಿಟ್ಟು ಹಲವು ವಾರ ಆದರೂ ಸಿಕೆ ಇಳಿಯದೆ ತೊಡೆ, ಭುಜ ಸೋಲುತ್ತಲೇ ಇದ್ದರೆ ಅದು ಬೇರೆಯೇ ಕಾಯಿಲೆ. ದೇಹದ ರೋಗನಿರೋಧಕ ಶಕ್ತಿಯೇ ಸ್ನಾಯುವಿನ ಮೇಲೆ ತಿರುಗಿಬೀಳುವ ಅಪರೂಪದ ತೊಂದರೆ ಇರಬಹುದು. ಅದಕ್ಕೆ ಎಚ್‌ಎಂಜಿಸಿಆರ್ ಆ್ಯಂಟಿಬಾಡಿ ಎಂಬ ರಕ್ತಪರೀಕ್ಷೆ ಇದೆ. ಅದು ಖಚಿತವಾದರೆ ಮತ್ತೆಂದೂ ಸ್ಟ್ಯಾಟಿನ್ ಕೊಡುವುದಿಲ್ಲ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಚಿಕಿತ್ಸೆ ಶುರು ಮಾಡುತ್ತಾರೆ.