ಆ್ಯಪ್ ತೋರಿಸುವ ಗಳಿಕೆಯಲ್ಲಿ ಗಂಟೆಗೆ ಕೈಗುಳಿಯುವುದೆಷ್ಟು?

ಮಡಿಕೇರಿಯಲ್ಲಿ ಊಟ ತಲುಪಿಸುವ ರೈಡರ್‌ನ ಮೊಬೈಲ್‌ನಲ್ಲಿ ರಾತ್ರಿ ಕಾಣುವ ಮೊತ್ತ ಸುಳ್ಳಲ್ಲ, ಅಷ್ಟು ಹಣ ಖಾತೆಗೆ ಬರುತ್ತದೆ. ಆದರೆ ಅದು ದಿನದ ವಹಿವಾಟೇ ಹೊರತು ಕೂಲಿಯಲ್ಲ. ಪೆಟ್ರೋಲ್, ಸ್ಕೂಟರ್ ಸವೆತ, ಹೋಟೆಲ್ ಮುಂದೆ ಕಾದ ಹೊತ್ತು ಎಲ್ಲವೂ ಅದರೊಳಗೇ ಇವೆ. ಅವನ್ನು ಕಳೆದು ಗಂಟೆಗೆ ಎಷ್ಟು ಬಿತ್ತೆಂದು ತಿಳಿಯಲು ಒಂದು ಸಣ್ಣ ಪುಸ್ತಕ, ಪೆನ್ನು ಮತ್ತು ಎರಡು ವಾರದ ತಾಳ್ಮೆ ಸಾಕು.

ಮೊದಲು ಸಮಯವನ್ನು ಹಿಡಿಯಬೇಕು. ಮನೆ ಬಿಟ್ಟ ಗಳಿಗೆ, ಮನೆ ಸೇರಿದ ಗಳಿಗೆ, ನಡುವೆ ನಿಮ್ಮ ಸ್ವಂತಕ್ಕೆ ತೆಗೆದುಕೊಂಡ ಬಿಡುವು, ಈ ಮೂರನ್ನು ಬರೆದಿಡಿ. ಆರ್ಡರ್ ಒಪ್ಪಿಕೊಂಡಲ್ಲಿಂದ ತಲುಪಿಸುವವರೆಗಿನ ನಿಮಿಷಗಳನ್ನಷ್ಟೇ ಕೂಡಿದರೆ ಲೆಕ್ಕ ಅಂದವಾಗಿ ಕಾಣುತ್ತದೆ, ಅಷ್ಟೇ. ಜನರಲ್ ತಿಮ್ಮಯ್ಯ ವೃತ್ತದ ಬಳಿ ಸ್ಕೂಟರ್ ನಿಲ್ಲಿಸಿಕೊಂಡು ಮುಂದಿನ ಆರ್ಡರ್‌ಗೆ ಕಾಯುವ ಹೊತ್ತೂ ದುಡಿಮೆಯೇ. ಆಗ ನೀವು ಬೇರೆ ಕೆಲಸ ಮಾಡುವಂತಿಲ್ಲ, ಮನೆಗೂ ಹೋಗುವಂತಿಲ್ಲ. ಊಟ ತಲುಪಿಸಿ ಬರಿಗೈಯಲ್ಲಿ ಪೇಟೆಗೆ ಮರಳುವ ಹೊತ್ತನ್ನೂ ಸೇರಿಸಿ.

ಎರಡನೆಯದು ದೂರ. ಬೆಳಿಗ್ಗೆ ಮತ್ತು ರಾತ್ರಿ ಸ್ಕೂಟರ್‌ನ ಮೀಟರ್ ನೋಡಿ ಕಿಲೋಮೀಟರ್ ಬರೆದುಕೊಳ್ಳಿ. ಆ್ಯಪ್ ತೋರಿಸುವ ದೂರವನ್ನು ನೆಚ್ಚಬೇಡಿ. ಅದು ಹಣ ಲೆಕ್ಕ ಹಾಕಲು ಹಿಡಿದ ದೂರ, ಚಕ್ರ ಉರುಳಿದ ದೂರವಲ್ಲ.

ಮೂರನೆಯದು ಮೈಲೇಜ್. ಷೋರೂಮಿನಲ್ಲಿ ಹೇಳಿದ ಮೈಲೇಜ್ ಮಡಿಕೇರಿಯ ಏರಿಳಿತಗಳಲ್ಲಿ ಸಿಗುವುದಿಲ್ಲ. ಒಂದು ದಿನ ಟ್ಯಾಂಕ್ ತುಂಬಿಸಿ ಮೀಟರ್ ಬರೆದುಕೊಳ್ಳಿ. ಎರಡು ವಾರ ಹಾಕಿದ ಪ್ರತಿ ಲೀಟರನ್ನೂ ದಾಖಲಿಸಿ, ಕೊನೆಯಲ್ಲಿ ಅದೇ ಬಂಕ್‌ನಲ್ಲಿ ಮತ್ತೆ ಪೂರ್ತಿ ತುಂಬಿಸಿ. ಓಡಿದ ಕಿಲೋಮೀಟರನ್ನು, ಮೊದಲ ಸಲ ತುಂಬಿಸಿದ್ದನ್ನು ಬಿಟ್ಟು ಉಳಿದ ಲೀಟರ್‌ಗಳಿಂದ ಭಾಗಿಸಿದರೆ ನಿಜವಾದ ಮೈಲೇಜ್ ಸಿಗುತ್ತದೆ. ಕುಶಾಲನಗರದ ಸಮತಟ್ಟಿನಲ್ಲಿ ಓಡಿಸುವ ಗೆಳೆಯನ ಅಂಕಿಯನ್ನು ಎರವಲು ತರಬೇಡಿ.

ನಾಲ್ಕನೆಯದು ಸವೆತ. ಹೆಚ್ಚಿನವರು ಎಡವುವುದು ಇಲ್ಲೇ, ಏಕೆಂದರೆ ಈ ಹಣ ದಿನವೂ ಜೇಬಿನಿಂದ ಹೋಗುವುದಿಲ್ಲ. ಆಯಿಲ್, ಟಯರ್, ಬ್ರೇಕ್ ಶೂ, ಸರ್ವಿಸ್‌ಗೆ ವರ್ಷದಲ್ಲಿ ಕೊಟ್ಟ ಹಣವನ್ನು ಆ ವರ್ಷ ಓಡಿದ ಕಿಲೋಮೀಟರ್‌ಗೆ ಹಂಚಿ. ಸ್ಕೂಟರಿನ ಬೆಲೆ ಇಳಿಯುವುದೂ ಖರ್ಚೇ. 90,000 ರೂಪಾಯಿಗೆ ಕೊಂಡ ಗಾಡಿ 60,000 ಕಿ.ಮೀ. ಓಡಿದ ಮೇಲೆ 30,000ಕ್ಕೆ ಹೋಗುವುದಾದರೆ ಕಿಲೋಮೀಟರ್‌ಗೆ ಒಂದು ರೂಪಾಯಿ ಕರಗಿದಂತೆ. ಹೀಗೆ ಹಿಡಿದ ಮೇಲೆ ಸಾಲದ ಕಂತನ್ನು ಪೂರ್ತಿ ಮತ್ತೆ ಕಳೆಯಬಾರದು, ಒಂದೇ ಖರ್ಚು ಎರಡು ಸಲ ಬೀಳುತ್ತದೆ. ಕಂತಿನಲ್ಲಿರುವ ಬಡ್ಡಿಯ ಪಾಲನ್ನು ಮಾತ್ರ ಕಳೆಯಿರಿ.

ಈಗ ಒಂದು ದಿನದ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಾಗಿ, ನಿಮ್ಮವನ್ನು ಇಟ್ಟುಕೊಂಡು ಇದೇ ದಾರಿಯಲ್ಲಿ ಹೋಗಿ. ರೈಡರ್ ಬೆಳಿಗ್ಗೆ ಹತ್ತೂವರೆಗೆ ಮನೆ ಬಿಟ್ಟು ರಾತ್ರಿ ಹತ್ತಕ್ಕೆ ಮರಳಿದ್ದಾನೆ. ಒಂದು ಗಂಟೆಯ ಬಿಡುವು ಕಳೆದರೆ ಹತ್ತೂವರೆ ಗಂಟೆಯ ದುಡಿಮೆ. 18 ಆರ್ಡರ್, ಸರಾಸರಿ 42 ರೂಪಾಯಿಯಂತೆ 756. ಹದಿನೆಂಟು ಮುಟ್ಟಿದ್ದಕ್ಕೆ ಇನ್ಸೆಂಟಿವ್ 175. ಒಟ್ಟು 931 ರೂಪಾಯಿ. ಆರ್ಡರ್ ಕೈಯಲ್ಲಿದ್ದ ಹೊತ್ತು ಆರು ಗಂಟೆ ಮಾತ್ರ, ಅದರಿಂದ ಭಾಗಿಸಿದರೆ ಗಂಟೆಗೆ 155 ರೂಪಾಯಿ. ಕೇಳಲು ಹಿತವಾಗಿದೆ.

ಮೀಟರ್ ಪ್ರಕಾರ ಓಡಿದ್ದು 112 ಕಿ.ಮೀ. ಲೀಟರ್‌ಗೆ 40 ಕಿ.ಮೀ. ಮೈಲೇಜ್, ಪೆಟ್ರೋಲ್ ಲೀಟರ್‌ಗೆ 104 ರೂಪಾಯಿ ಎಂದುಕೊಂಡರೆ ಇಂಧನಕ್ಕೆ 291. ರಿಪೇರಿಗೆ ಕಿಲೋಮೀಟರ್‌ಗೆ 75 ಪೈಸೆಯಂತೆ 84, ಗಾಡಿಯ ಬೆಲೆ ಇಳಿಕೆಗೆ 112, ಮೊಬೈಲ್ ಡೇಟಾ ಮತ್ತು ರೇನ್‌ಕೋಟಿನ ದಿನದ ಪಾಲು 18. ಎಲ್ಲ ಸೇರಿ 505 ರೂಪಾಯಿ. ಉಳಿದದ್ದು 426, ಅಂದರೆ ಗಂಟೆಗೆ ಸುಮಾರು 40 ರೂಪಾಯಿ 50 ಪೈಸೆ.

ಇಲ್ಲಿ ನೆನಪಿಡಬೇಕಾದ ಇನ್ನೊಂದು ಅಂಕಿ ಇದೆ: ಗಾಡಿ ಒಂದು ಕಿಲೋಮೀಟರ್ ಉರುಳಿದರೆ 4 ರೂಪಾಯಿ 35 ಪೈಸೆ ಖರ್ಚು. ಇದು ಬಾಯಲ್ಲೇ ಇದ್ದರೆ ಆರ್ಡರ್ ಬಂದ ಕೂಡಲೇ ಅಳೆಯಬಹುದು. ಗಾಳಿಬೀಡು ಕಡೆಯ ಹೋಂಸ್ಟೇಗೆ ಏಳು ಕಿ.ಮೀ., ಕೊಡುವುದು 70 ರೂಪಾಯಿ ಎಂದಿಟ್ಟುಕೊಳ್ಳಿ. ಅಷ್ಟು ದೊಡ್ಡ ಮೊತ್ತ ದಿನಕ್ಕೆ ಹತ್ತು ಬಾರಿ ಬರುವುದಿಲ್ಲವಾದ್ದರಿಂದ ಕೈ ತಾನಾಗಿ ಒಪ್ಪಿಗೆ ಒತ್ತುತ್ತದೆ. ಆದರೆ ಅಲ್ಲಿಂದ ಮರಳುವಾಗ ಆರ್ಡರ್ ಸಿಗುವ ಸಂಭವ ಕಡಿಮೆ. ಹೋಗಿ ಬರಲು 14 ಕಿ.ಮೀ., ಖರ್ಚು 61 ರೂಪಾಯಿ. ತೋಟದ ಮಣ್ಣು ರಸ್ತೆ, ತಪ್ಪು ಜಾಗದಲ್ಲಿ ಕುಳಿತ ನಕ್ಷೆಯ ಗುರುತು, ಸಿಗ್ನಲ್ ಇಲ್ಲದೆ ಕರೆಗೆ ಸಿಗದ ಪ್ರವಾಸಿ, ಎಲ್ಲ ದಾಟಿ ಐವತ್ತೈದು ನಿಮಿಷ ಹೋದರೆ ಗಿಟ್ಟುವುದು ಒಂಬತ್ತು ರೂಪಾಯಿ. ಕಾಫಿ ಕೊಯ್ಲಿನಲ್ಲೂ ಕಿಲೋ ಲೆಕ್ಕದ ಕೂಲಿ ಉಂಟು, ಆದರೆ ಗಿಡದಿಂದ ಗಿಡಕ್ಕೆ ನಡೆಯಲು ಕೊಯ್ಯುವವರು ಪೆಟ್ರೋಲ್ ಹಾಕಿಸಬೇಕಿಲ್ಲ.

ಇನ್ಸೆಂಟಿವ್‌ನ ಲೆಕ್ಕವನ್ನು ಬೇರೆಯಾಗಿಯೇ ಮಾಡಬೇಕು. ಮೇಲಿನ ಉದಾಹರಣೆಯಲ್ಲಿ ರಾತ್ರಿ ಎಂಟಕ್ಕೆ 15 ಆರ್ಡರ್ ಆಗಿತ್ತು ಎನ್ನೋಣ. ಆಗಲೇ ನಿಲ್ಲಿಸಿದ್ದರೆ ಅಲ್ಲಿಯವರೆಗಿನ ಎಂಟೂವರೆ ಗಂಟೆಗೆ ಉಳಿಯುತ್ತಿದ್ದುದು ಗಂಟೆಗೆ 27 ರೂಪಾಯಿ. ಮುಂದಿನ ಎರಡು ಗಂಟೆಗಳಲ್ಲಿ ಮೂರು ಆರ್ಡರ್, 24 ಕಿ.ಮೀ. ಓಡಾಟ. ಮೂರರ 126 ರೂಪಾಯಿಗೆ ಇನ್ಸೆಂಟಿವ್ ಸೇರಿ 301, ಗಾಡಿ ಖರ್ಚು 104 ಕಳೆದರೆ 197. ಗಂಟೆಗೆ 98 ರೂಪಾಯಿಗೂ ಹೆಚ್ಚು! ಹಾಗೆಂದು ಹದಿನೇಳಕ್ಕೇ ಆರ್ಡರ್ ನಿಂತುಹೋದರೆ? ಎರಡು ಆರ್ಡರ್‌ಗೆ 84 ರೂಪಾಯಿ, 20 ಕಿ.ಮೀ. ಓಡಿದ್ದಕ್ಕೆ 87. ಎರಡು ಗಂಟೆ ದುಡಿದು ಮೂರು ರೂಪಾಯಿ ಕೈಯಿಂದ ಹಾಕಿದಂತೆ. ಇನ್ಸೆಂಟಿವ್ ಎಂದರೆ ಮೇಲಿನ ಬೋನಸ್ ಎಂದು ಭಾವಿಸುವುದು ವಾಡಿಕೆ. ನನ್ನ ಪ್ರಕಾರ ಅದು ಮೂಲ ಕೂಲಿಯಿಂದಲೇ ಕಡಿದು ಕೊನೆಯ ಆರ್ಡರ್‌ಗೆ ಕಟ್ಟಿಟ್ಟ ಪಾಲು. ಆದ್ದರಿಂದ ವಾರದಲ್ಲಿ ಎಷ್ಟು ದಿನ ಗುರಿ ಮುಟ್ಟಿದಿರಿ, ಎಷ್ಟು ದಿನ ಒಂದೆರಡರಲ್ಲಿ ತಪ್ಪಿತು ಎಂಬುದನ್ನೂ ಬರೆದಿಡಿ. ವಾರಾಂತ್ಯದ ಪ್ರವಾಸಿಗರ ದಟ್ಟಣೆಯಲ್ಲಿ ಮೂರು ಆರ್ಡರ್ ಸುಲಭ, ಮಳೆ ಹಿಡಿದ ಮಂಗಳವಾರ ರಾತ್ರಿ ಹಾಗಲ್ಲ. ಆರ್ಡರ್ ನಿರಾಕರಿಸಿದರೆ ಇನ್ಸೆಂಟಿವ್ ಕೈತಪ್ಪುವ ಷರತ್ತಿದ್ದರೆ ಗಾಳಿಬೀಡಿನಂಥ ಆರ್ಡರ್‌ನ ನಷ್ಟವನ್ನೂ ಅದರ ಖಾತೆಗೇ ಬರೆಯಬೇಕು.

ಗ್ರಾಹಕರು ಕೈಗೆ ಕೊಟ್ಟ ಊಟದ ಹಣ ಕಂಪನಿಯದು, ಅದನ್ನು ಗಳಿಕೆಯಲ್ಲಿ ಸೇರಿಸಬೇಡಿ. ಟಿಪ್ಸ್ ಸೇರಿಸಿ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯಡಿ ಪ್ರತಿ ವಹಿವಾಟಿನ ಪಾವತಿಯ ಮೇಲೆ ಶೇ 1ರಿಂದ 5ರವರೆಗಿನ ಕಲ್ಯಾಣ ಶುಲ್ಕ ಕಟ್ಟಬೇಕಾದವರು ಕಂಪನಿಯವರು. ಅದು ಕಲ್ಯಾಣ ನಿಧಿಗೆ ಹೋಗುವ ಹಣವಾದ್ದರಿಂದ ಗಂಟೆಯ ಲೆಕ್ಕಕ್ಕೆ ತರುವಂತಿಲ್ಲ. ಒಪ್ಪಂದದ ಷರತ್ತು ಬದಲಿಸುವುದಾದರೆ 14 ದಿನ ಮೊದಲೇ ತಿಳಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ದರಪಟ್ಟಿಯ ಪುಟವನ್ನೂ ವಾರದ ಪಾವತಿಯ ವಿವರವನ್ನೂ ಸ್ಕ್ರೀನ್‌ಷಾಟ್ ತೆಗೆದಿಟ್ಟರೆ ದರ ಬದಲಾದದ್ದನ್ನು ತೋರಿಸಲು ಆಧಾರವಾಗುತ್ತದೆ.

ಏಪ್ರಿಲ್‌ನಲ್ಲಿ ಮಾಡಿದ ಲೆಕ್ಕವನ್ನು ಜುಲೈಗೆ ಒಯ್ಯಬೇಡಿ. ಮಂಜು, ಮಳೆಯಲ್ಲಿ ವೇಗ ತಗ್ಗುತ್ತದೆ, ಮೈಲೇಜ್ ಇಳಿಯುತ್ತದೆ, ಬ್ರೇಕ್ ಶೂ ಬೇಗ ಸವೆಯುತ್ತದೆ. ಮಳೆಯ ಹೆಚ್ಚುವರಿ ಹಣ ಇದನ್ನೆಲ್ಲ ತುಂಬುತ್ತದೋ ಇಲ್ಲವೋ ಎಂಬುದು ಟ್ಯಾಂಕ್ ತುಂಬಿಸುವಲ್ಲಿಂದ ಮತ್ತೊಮ್ಮೆ ಶುರುಮಾಡಿದರೆ ಮಾತ್ರ ಗೊತ್ತಾಗುತ್ತದೆ.