ಮರಳು ಸಲೀಸಾಗಿ ಬಿತ್ತು, ನೀರೇ ಕಾಟ ಕೊಟ್ಟಿದ್ದು

ಮರಳು, ನೀರು ಬೀಳೋ ಒಂದು ಗೇಮಿಗೆ ಅಗಲ 200, ಎತ್ತರ 150 ಕೋಶ ಇರೋ ಒಂದು ಗ್ರಿಡ್ ಮಾಡ್ಕೊಂಡೆ, ಒಂದೊಂದು ಕೋಶಕ್ಕೂ ಒಂದು ನಂಬರ್: 0 ಖಾಲಿ, 1 ಮರಳು, 2 ನೀರು. ಮರಳಿನ ರೂಲ್ ಇಷ್ಟೇ, ಕೆಳಗೆ ಖಾಲಿ ಇದ್ರೆ ಇಳಿ, ಇಲ್ಲಾಂದ್ರೆ ಓರೆಯಾಗಿ ಇಳಿ:

```
if (empty(x, y+1)) move(x, y, x, y+1);
else if (empty(x+d, y+1)) move(x, y, x+d, y+1);
else if (empty(x-d, y+1)) move(x, y, x-d, y+1);
```

`d` ಅಂದ್ರೆ 1 ಅಥವಾ -1, ಫ್ರೇಮಿಗೊಂದ್ಸಲ ರ‍್ಯಾಂಡಮ್ಮಾಗಿ ಆರಿಸ್ತೀನಿ, ಇಲ್ಲಾಂದ್ರೆ ಗುಡ್ಡೆ ಒಂದೇ ಕಡೆ ವಾಲುತ್ತೆ. ಲೂಪನ್ನ ಮೊದ್ಲು ಮೇಲಿಂದ ಕೆಳಕ್ಕೆ ಓಡ್ಸಿದ್ದೆ, ಮರಳು ಬೀಳೋದೇ ಕಾಣ್ಲಿಲ್ಲ, ಹಾಕಿದ ತಕ್ಷಣ ನೆಲದ ಮೇಲೆ! ಯಾಕಂದ್ರೆ ಒಂದು ಸಾಲು ಇಳಿದ ಕಾಳು, ಲೂಪ್ ಆ ಸಾಲಿಗೆ ಬಂದಾಗ ಮತ್ತೆ ಸಿಗುತ್ತೆ, ಮತ್ತೆ ಇಳಿಯುತ್ತೆ. ಕೆಳಗಿಂದ ಮೇಲಕ್ಕೆ ತಿರುಗ್ಸಿದೆ, ಸರಿಹೋಯ್ತು.

ನೀರಿಗೆ ಇದರ ಜೊತೆ "ಪಕ್ಕಕ್ಕೆ ಹರಿ" ಅಂತ ಸೇರ್ಸಿದೆ ಅಷ್ಟೇ, ಎಲ್ಲಾ ಬಲಗಡೆ ಗೋಡೆಗೆ ಹೋಗಿ ಕೂತ್ಕೊಳ್ತು. ರ‍್ಯಾಂಡಮ್ ಫಂಕ್ಷನ್ನೇ ಕೆಟ್ಟಿದೆ ಅಂತ ಒಂದು ಸಂಜೆ ಪೂರ್ತಿ ಅದನ್ನೇ ನೋಡ್ದೆ, ಅದರಲ್ಲಿ ಏನೂ ತಪ್ಪಿರ್ಲಿಲ್ಲ. ಆಮೇಲೆ ನೆಲದ ಮಧ್ಯೆ ಒಂದೇ ಹನಿ ಇಟ್ಟು, ಒಂದು ಕೀ ಒತ್ತಿದ್ರೆ ಒಂದೇ ಫ್ರೇಮ್ ಮುಂದೆ ಹೋಗೋ ಥರ ಮಾಡಿ ನೋಡ್ದೆ. 100ನೇ ಕಾಲಮ್ಮಿನ ಹನಿ ಎಡಕ್ಕೆ ಹೊರಟ್ರೆ 99ಕ್ಕೆ ಬರುತ್ತೆ, ಬಲಕ್ಕೆ ಹೊರಟ್ರೆ ಒಂದೇ ಫ್ರೇಮಲ್ಲಿ ಎಷ್ಟೋ ದೂರ. ಅದೇ ಹಳೇ ತಪ್ಪು, ಈ ಸಲ ಅಡ್ಡಡ್ಡ: ಲೂಪ್ ಎಡದಿಂದ ಬಲಕ್ಕೆ ಹೋಗ್ತಾ ಇದೆ, ಹನಿ ಅದರ ಮುಂದೆ ಮುಂದೇನೇ ಹೋಗಿ ಮತ್ತೆ ಮತ್ತೆ ಸಿಕ್ಕಾಕೊಳ್ತಿದೆ. ಲೂಪಿನ ದಿಕ್ಕನ್ನ ಫ್ರೇಮಿಗೊಂದ್ಸಲ ಬದಲಾಯ್ಸಿದ್ರೆ ಸಾಕು ಅನ್ಸುತ್ತೆ, ಆದ್ರೆ ಆಗ ಒಂದ್ಸಲ ಬಲಕ್ಕೆ ಹಾರುತ್ತೆ ಒಂದ್ಸಲ ಎಡಕ್ಕೆ, ಅಷ್ಟೇ ವ್ಯತ್ಯಾಸ. ನಿಜವಾದ ಮದ್ದು ಅಂದ್ರೆ ಸರಿದ ಕೋಶಕ್ಕೆ ಆ ಫ್ರೇಮಿನ ನಂಬರ್ ಮುದ್ರೆ ಒತ್ತೋದು, ಮುದ್ರೆ ಇದ್ರೆ ಈ ಫ್ರೇಮಲ್ಲಿ ಮುಟ್ಬಾರ್ದು. ದಿಕ್ಕು ಬದಲಾಯ್ಸೋದನ್ನೂ ಇಟ್ಕೊಂಡೆ, ಖಾಲಿ ಜಾಗ ಯಾವಾಗ್ಲೂ ಒಂದೇ ಕಡೆಯ ಹನಿಗೆ ಮೊದ್ಲು ಸಿಗ್ಬಾರ್ದಲ್ಲ.

ಮರಳು ನೀರಲ್ಲಿ ಮುಳುಗ್ಲಿ ಅಂತ ಎರಡನ್ನೂ ಅದಲು ಬದಲು ಮಾಡೋವಾಗ್ಲೂ ಮುದ್ರೆ ಎರಡಕ್ಕೂ ಬೇಕು. ಮರಳಿಗೆ ಮಾತ್ರ ಒತ್ತಿದ್ದೆ, ಮೇಲೆ ಬಂದ ಹನಿ ಮುಂದಿನ ಸಾಲಿನ ಕಾಳಿನ ಜೊತೆ ಮತ್ತೆ ಬದಲಾಗಿ, ಹೀಗೇ ಗುಡ್ಡೆ ಪೂರ್ತಿ ಸೀಳ್ಕೊಂಡು ತುದಿಗೆ ಬಂದ್ಬಿಡ್ತಿತ್ತು.

ಇನ್ನು ವೇಗ. ರ‍್ಯಾಂಡಮ್ಮಾಗಿ ಒಂದೊಂದೇ ಕೋಶ ಅಲೆಯೋ ಹನಿ 50 ಕೋಶ ದೂರ ಹೋಗೋಕೆ ಸುಮಾರು 2500 ಫ್ರೇಮ್ ಬೇಕು, ಸೆಕೆಂಡಿಗೆ 60 ಫ್ರೇಮ್ ಅಂದ್ರೂ 40 ಸೆಕೆಂಡ್ ಮೇಲೆ, ನೀರಲ್ಲ ಅದು, ಜೇನುತುಪ್ಪ. ಹಾಗಾಗಿ ಹನಿಗೆ ತನ್ನ ದಿಕ್ಕು ನೆನಪಿರೋ ಹಾಗೆ ಮಾಡ್ದೆ, ಅಡ್ಡ ಏನಾದ್ರೂ ಸಿಕ್ಕಿದ್ರೆ ಮಾತ್ರ ತಿರುಗುತ್ತೆ, ಮತ್ತೆ ಫ್ರೇಮಿಗೆ 5 ಕೋಶದ ತನಕ ಹೋಗ್ಬಹುದು. ಆದ್ರೆ ಐದನ್ನೂ ಒಂದೊಂದಾಗೇ ನೋಡ್ಬೇಕು, ಕೆಳಗೆ ತೂತು ಕಂಡ್ರೆ ಅಲ್ಲೇ ನಿಲ್ಬೇಕು, ಇಲ್ಲಾಂದ್ರೆ ತೂತನ್ನ ದಾಟ್ಕೊಂಡು ಹೋಗುತ್ತೆ.

ಇಷ್ಟಾದ್ರೂ U ಆಕಾರದ ಕೊಳವೆಯ ಒಂದು ಕಡೆ ನೀರು ಸುರಿದ್ರೆ ಇನ್ನೊಂದು ಕಡೆ ಏರಲ್ಲ, ಒತ್ತಡ ಅನ್ನೋದೇ ಈ ರೂಲಲ್ಲಿ ಇಲ್ವಲ್ಲ. ನಾನು ಕೊಳವೆ ಇರೋ ಲೆವೆಲ್ಲನ್ನೇ ತೆಗೆದುಬಿಟ್ಟೆ.